ಸಹಿಯ ಅಂಚಿನಲ್ಲಿ ಉಳಿದ ಕಾಗದ

ಶಾಲೆಯ ಮುಖ್ಯೋಪಾಧ್ಯಾಯರು ಕೊಡುವ ವ್ಯಾಸಂಗ ಪ್ರಮಾಣಪತ್ರವನ್ನೇ ತೆಗೆದುಕೊಳ್ಳೋಣ. ಕಾಗದದ ಮೇಲಾದರೆ ಮೊದಲು ಸಹಿ ಬೀಳುತ್ತದೆ, ಅದರ ಅರ್ಧ ಭಾಗದ ಮೇಲೆ ಬರುವಂತೆ ನೇರಳೆ ಬಣ್ಣದ ದುಂಡು ಮೊಹರು ಒತ್ತುತ್ತಾರೆ. ಸಹಿಯ ಗೆರೆಯೂ ಮೊಹರಿನ ಅಕ್ಷರವೂ ಒಂದರೊಳಗೊಂದು ಹಾದುಹೋಗುತ್ತವೆ, ಯಾವುದೂ ಇನ್ನೊಂದನ್ನು ಮರೆಮಾಡುವುದಿಲ್ಲ. ಅದೇ ಪ್ರಮಾಣಪತ್ರ ಈಗ ಪಿಡಿಎಫ್ ಆಗಿ ಹೊರಡುತ್ತದೆ. ಸಹಿಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಇಟ್ಟರೆ ಅದರ ಸುತ್ತಲಿನ ಬಿಳಿ ಚೌಕ ಮೊಹರಿನ ಅರ್ಧವನ್ನು, ಕೆಳಗಿನ ‘ಮುಖ್ಯೋಪಾಧ್ಯಾಯರು’ ಎಂಬ ಅಚ್ಚಿನ ಸಾಲನ್ನು, ಕೆಲವೊಮ್ಮೆ ದಿನಾಂಕವನ್ನೂ ನುಂಗಿಬಿಡುತ್ತದೆ. ನೋಡಿದವರಿಗೆ ಅದು ಸಹಿ ಮಾಡಿದ ಪತ್ರದಂತೆ ಕಾಣುವುದಿಲ್ಲ, ಚೀಟಿ ಅಂಟಿಸಿದ ಪತ್ರದಂತೆ ಕಾಣುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ಬಿಳಿಯನ್ನು ಅಳಿಸುವುದು ಹೇಗೆ?

ತೊಂದರೆ ಹುಟ್ಟುವುದೇ ಆ ಪ್ರಶ್ನೆಯಿಂದ ಎಂಬುದು ನನ್ನ ವಾದ. ಬಿಳಿಯನ್ನು ಅಳಿಸಲು ಹೊರಟವರು ಚಿತ್ರದ ಪ್ರತಿ ಚುಕ್ಕೆಗೂ ‘ನೀನು ಕಾಗದವೋ, ಶಾಯಿಯೋ?’ ಎಂದು ಕೇಳುತ್ತಾರೆ. ಕಾಗದ ಎಂದವನ್ನು ತೆಗೆಯುತ್ತಾರೆ, ಶಾಯಿ ಎಂದವನ್ನು ಉಳಿಸುತ್ತಾರೆ. ಆದರೆ ಸಹಿಯ ಚಿತ್ರದಲ್ಲಿ ಬಹಳಷ್ಟು ಚುಕ್ಕೆಗಳು ಎರಡೂ ಆಗಿರುತ್ತವೆ. ಅವಕ್ಕೆ ಕೇಳಬೇಕಾದದ್ದು ‘ನಿನ್ನಲ್ಲಿ ಶಾಯಿ ಎಷ್ಟಿದೆ?’ ಎಂದು. ಅಳಿಸುವ ಕೆಲಸ ಅಳೆಯುವ ಕೆಲಸವಾದ ಕೂಡಲೇ ಸಹಿ ಯಾವ ಹಿನ್ನೆಲೆಯ ಮೇಲಾದರೂ ಪೆನ್ನಿನಿಂದ ಬರೆದಂತೆ ಕೂರುತ್ತದೆ.

ಬಾಲ್ ಪೆನ್ನಿನ ಒಂದು ಗೆರೆ ಸುಮಾರು ಅರ್ಧ ಮಿಲಿಮೀಟರ್ ಅಗಲ ಇದೆ ಎಂದುಕೊಳ್ಳಿ. ಅದನ್ನು 150 ಡಿಪಿಐನಲ್ಲಿ, ಅಂದರೆ ಒಂದು ಇಂಚಿಗೆ 150 ಚುಕ್ಕೆಗಳ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ ಗೆರೆಯ ಅಗಲಕ್ಕೆ ಸಿಗುವುದು ಮೂರೇ ಚುಕ್ಕೆ. ಎಡ ಅಂಚಿನದೊಂದು, ಬಲ ಅಂಚಿನದೊಂದು, ನಡುವೆ ಅಪ್ಪಟ ಶಾಯಿಯದೊಂದು. ಅಂಚಿನ ಚುಕ್ಕೆಯ ಒಂದು ಪಾಲು ಶಾಯಿಯ ಮೇಲೂ ಉಳಿದ ಪಾಲು ಕಾಗದದ ಮೇಲೂ ಬಿದ್ದಿರುತ್ತದೆ, ಹಾಗಾಗಿ ಸ್ಕ್ಯಾನರ್ ಅದಕ್ಕೆ ನಡುವಿನ ಒಂದು ಬೂದು ಬಣ್ಣ ಕೊಡುತ್ತದೆ. ಅಂದರೆ ಗೆರೆಯ ಮೂರರಲ್ಲಿ ಎರಡು ಭಾಗ ಕಾಗದವೂ ಅಲ್ಲ, ಶಾಯಿಯೂ ಅಲ್ಲ. 600 ಡಿಪಿಐಗೆ ಏರಿಸಿದರೆ ಅದೇ ಗೆರೆಗೆ ಸುಮಾರು ಹನ್ನೆರಡು ಚುಕ್ಕೆ ಸಿಗುತ್ತವೆ. ಅಂಚಿನ ಪಾಲು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಪೆನ್ನು ಎತ್ತುವಾಗ ಎಳೆಯುವ ಬಾಲದಲ್ಲಿ ಮತ್ತು ಬಾಲ್ ಸರಿಯಾಗಿ ಉರುಳದೆ ಗೆರೆ ತೆಳುವಾದ ಕಡೆ ಬಹುಪಾಲು ಅಂಚೇ ಇರುತ್ತದೆ. ಒಬ್ಬರ ಸಹಿಯನ್ನು ಅವರದೇ ಎಂದು ಗುರುತಿಸುವಂತೆ ಮಾಡುವುದು ಹೆಚ್ಚಾಗಿ ಇಂಥ ಬಾಲಗಳೇ. ಅಳಿಸುವ ವಿಧಾನದಲ್ಲಿ ಮೊದಲು ಹೋಗುವುದೂ ಅವೇ.

ಒಂದೇ ಒಂದು ಚುಕ್ಕೆಯನ್ನು ಹಿಡಿದು ಲೆಕ್ಕ ಮಾಡಿದರೆ ವಿಷಯ ಕಣ್ಣಿಗೆ ಕಟ್ಟುತ್ತದೆ. ಕಂಪ್ಯೂಟರಿಗೆ ಕಪ್ಪು ಎಂದರೆ 0, ಬಿಳಿ ಎಂದರೆ 255. ಸ್ಕ್ಯಾನ್ ಆದ ಕಾಗದ ಅಪ್ಪಟ ಬಿಳಿಯಾಗಿರುವುದಿಲ್ಲ, ಅದು 235 ಎಂದಿಟ್ಟುಕೊಳ್ಳೋಣ. ಶಾಯಿ 40. ಅಂಚಿನಲ್ಲಿ ಒಂದು ಚುಕ್ಕೆ 200 ಇದೆ. ಕಾಗದದಿಂದ ಶಾಯಿಗೆ ಇರುವ ಒಟ್ಟು ದೂರ 195, ಈ ಚುಕ್ಕೆ ಆ ದಾರಿಯಲ್ಲಿ 35 ಹೆಜ್ಜೆ ಬಂದಿದೆ. ಹಾಗಾದರೆ ಅದರಲ್ಲಿರುವ ಶಾಯಿ ನೂರಕ್ಕೆ ಹದಿನೆಂಟು. ಈಗ ಅದನ್ನು ಮೊಹರಿನ ಗೆರೆಯ ಮೇಲೆ ಇಡಬೇಕು, ಮೊಹರಿನ ಕಡುಬಣ್ಣ 90 ಎನ್ನೋಣ. ಬಿಳಿ ಅಳಿಸುವವರು ಈ ಚುಕ್ಕೆಯನ್ನು ಶಾಯಿ ಎಂದು ಉಳಿಸಿಕೊಂಡರೆ 90ರ ಮೊಹರಿನ ನಡುವೆ 200ರ ತೆಳು ಚುಕ್ಕೆ ಹೊಳೆಯುತ್ತದೆ. ಇಂಥ ಚುಕ್ಕೆಗಳು ಗೆರೆಯುದ್ದಕ್ಕೂ ಸಾಲುಗಟ್ಟಿದಾಗ ಸಹಿಯ ಸುತ್ತ ಸುಣ್ಣ ಬಳಿದಂಥ ಅಂಚು ಕಾಣುತ್ತದೆ. ಅದನ್ನು ಕಾಗದ ಎಂದು ತೆಗೆದುಬಿಟ್ಟರೆ ಗೆರೆಯ ಅಂಚು ಗರಗಸದ ಹಲ್ಲಿನಂತಾಗುತ್ತದೆ, ಬಾಲ ತುಂಡಾಗುತ್ತದೆ. ಅಳೆಯುವವರು ಚುಕ್ಕೆಗೆ 40ರ ಶಾಯಿ ಬಣ್ಣವನ್ನೇ ಕೊಟ್ಟು ಅದರ ಗಟ್ಟಿತನವನ್ನು ಶೇ 18ಕ್ಕೆ ಇಳಿಸುತ್ತಾರೆ. ಆಗ ಮೊಹರಿನ ಮೇಲೆ ಅದರ ಬೆಲೆ 81. ಮೊಹರು ಅಲ್ಲಿ ಒಂದಿಷ್ಟು ಕಪ್ಪಾಗುತ್ತದೆ, ಅಷ್ಟೆ. ನಿಜವಾದ ಕಾಗದದ ಮೇಲೂ ಆಗುವುದು ಹೀಗೆಯೇ.

ಇದರಲ್ಲೇ ಎರಡನೆಯ ತಪ್ಪೊಂದು ಅಡಗಿದೆ, ತಿಳಿದವರೂ ಅದರಲ್ಲಿ ಎಡವುತ್ತಾರೆ. ಗಟ್ಟಿತನವನ್ನು ಶೇ 18ಕ್ಕೆ ಇಳಿಸಿ, ಬಣ್ಣವನ್ನು ಮಾತ್ರ ಮೊದಲಿನ 200ರಲ್ಲೇ ಬಿಟ್ಟುಬಿಡುವುದು. ಹೀಗಾದಾಗ ಚುಕ್ಕೆ ಎರಡು ಸಲ ತೆಳುವಾಗುತ್ತದೆ. ಅಪ್ಪಟ ಬಿಳಿಯ ಮೇಲೆ ಅದು 216 ಆಗಬೇಕಿತ್ತು, 245 ಆಗುತ್ತದೆ, ಅಂದರೆ ಕಣ್ಣಿಗೆ ಕಾಣದಷ್ಟು. ‘ಹಿನ್ನೆಲೆ ಚೆನ್ನಾಗಿ ಹೋಯಿತು, ಆದರೆ ಸಹಿ ಏಕೋ ಬಡಕಲಾಗಿದೆ’ ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ಅಂಚಿನ ಬಣ್ಣದೊಳಗೆ ಸೇರಿಕೊಂಡ ಕಾಗದವನ್ನು ಹೊರಗೆ ತೆಗೆಯದೆ ಪಾರದರ್ಶಕತೆ ಕೊಟ್ಟರೆ ಕಾಗದವೂ ಸಹಿಯ ಜತೆಗೇ ಬರುತ್ತದೆ.

ಬಣ್ಣದ ಜತೆಗೆ ಗಟ್ಟಿತನವನ್ನೂ ಪ್ರತಿ ಚುಕ್ಕೆಗೆ ಬರೆದಿಡುವ ಆಲ್ಫಾ ಎಂಬ ಕಲ್ಪನೆ ಮೊಳೆತದ್ದು 1970ರ ದಶಕದಲ್ಲಿ, ಕಂಪ್ಯೂಟರ್ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುತ್ತಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಅವರ ಕೈಯಲ್ಲಿ. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರ ಪ್ರಬಂಧದಲ್ಲಿ ಅದರ ಗಣಿತವನ್ನು ಕ್ರಮಬದ್ಧಗೊಳಿಸಿದರು. ಮೇಲೆ ಮಾಡಿದ ಕೂಡುವ, ಗುಣಿಸುವ ಲೆಕ್ಕ ಅವರದೇ. 1996ರಲ್ಲಿ ಬಂದ ಪಿಎನ್‌ಜಿ ಕಡತ ಈ ಗಟ್ಟಿತನವನ್ನು 256 ಮೆಟ್ಟಿಲುಗಳಲ್ಲಿ ಇಡಬಲ್ಲದು. ಅದಕ್ಕೂ ಹಳೆಯ ಜಿಫ್‌ನಲ್ಲಿ ಇದ್ದದ್ದು ‘ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ಮೆಟ್ಟಿಲು. ನಾವೆಲ್ಲ ಬಳಸುವ ಜೆಪೆಗ್‌ನಲ್ಲಿ ಗಟ್ಟಿತನಕ್ಕೆ ಜಾಗವೇ ಇಲ್ಲ. ಜತೆಗೆ ಅದು ಕಡತವನ್ನು ಕುಗ್ಗಿಸಲು ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ತುಂಡುಗಳಾಗಿ ನೋಡುವುದರಿಂದ ಕಡುಗೆರೆಗಳ ಸುತ್ತ ಮಸುಕು ಧೂಳನ್ನು ಎಬ್ಬಿಸುತ್ತದೆ. ಆದ್ದರಿಂದ ಸ್ಕ್ಯಾನರಿನಿಂದ ಹೊರಬರುವಾಗಲೇ ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಿಕೊಳ್ಳಬೇಕು. ಜೆಪೆಗ್ ಆಗಿ ಬಂದದ್ದನ್ನು ಆಮೇಲೆ ಪಿಎನ್‌ಜಿ ಮಾಡಿದರೆ ಆ ಧೂಳು ಹೋಗುವುದಿಲ್ಲ.

ಅಳೆಯುವ ಕೆಲಸ ಸರಿಯಾಗಬೇಕಾದರೆ ಅಳೆಯಲು ಸಿಗುವ ಚಿತ್ರ ಸರಿಯಾಗಿರಬೇಕು. ಗೆರೆಯಿಲ್ಲದ ಬಿಳಿ ಹಾಳೆ, ಸ್ವಲ್ಪ ದಪ್ಪದ ಗೆರೆ ಬರುವ ಜೆಲ್ ಪೆನ್ ಅಥವಾ ಬಾಲ್ ಪೆನ್ ಸಾಕು. ಸಹಿಯನ್ನು ಚಿಕ್ಕ ಚೌಕದೊಳಗೆ ಹಿಂಡದೆ ಎಂದಿನಂತೆ ಐದಾರು ಸಲ ಹಾಕಿ, ಸಹಜವಾಗಿ ಬಂದದ್ದನ್ನು ಆರಿಸಿಕೊಳ್ಳಬಹುದು. ಸ್ಕ್ಯಾನರಿನಲ್ಲಿ ‘ಟೆಕ್ಸ್ಟ್’ ಅಥವಾ ‘ಬ್ಲ್ಯಾಕ್ ಅಂಡ್ ವೈಟ್’ ಎಂಬ ಆಯ್ಕೆಯನ್ನು ಮುಟ್ಟಬಾರದು. ಅದು ಸ್ಕ್ಯಾನ್ ಮಾಡುವಾಗಲೇ ಎಲ್ಲ ಚುಕ್ಕೆಗಳನ್ನೂ ಕಪ್ಪು ಇಲ್ಲವೇ ಬಿಳಿ ಎಂದು ಕತ್ತರಿಸಿಬಿಡುತ್ತದೆ, ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸುವವರು ‘ಕಲರ್, 600 ಡಿಪಿಐ’ ಎಂದು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಹಾಳೆಯ ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದರ ನೆರಳು ಮುಂದೆ ಕಾಣುತ್ತದೆ. ಹಿಂದೆ ಒಂದು ಕಪ್ಪು ಹಾಳೆ ಇಟ್ಟರೆ ಕಾಗದ ಒಟ್ಟಾರೆ ತುಸು ಕಂದುತ್ತದೆ, ಆದರೆ ಹಿಂಬದಿಯ ಬರಹ ಮಾಯವಾಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಎದುರಾಗುವ ಕಷ್ಟ ಬೇರೆ: ಕೈಯ ನೆರಳು ಬಿದ್ದ ಮೂಲೆಯಲ್ಲಿ ಕಾಗದ 170 ಇರುತ್ತದೆ, ಕಿಟಕಿಯ ಕಡೆ 240. ಕಾಗದಕ್ಕೇ ಒಂದು ಬೆಲೆ ಇಲ್ಲದಿದ್ದಾಗ ಎಲ್ಲಿಂದ ಅಳೆಯುವುದು? ಸ್ಕ್ಯಾನರ್ ಸಿಗುವುದಿದ್ದರೆ ಅದನ್ನೇ ಬಳಸಬೇಕು ಎನ್ನುವುದಕ್ಕೆ ನನಗೆ ಕಾಣುವ ಕಾರಣ ಇದೊಂದೇ.

ಬಣ್ಣದಲ್ಲಿ ಸ್ಕ್ಯಾನ್ ಮಾಡಬೇಕು ಎಂದದ್ದಕ್ಕೂ ಕಾರಣವಿದೆ. ಬಣ್ಣದ ಚಿತ್ರ ಎಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೂದು ಚಿತ್ರಗಳ ಕಟ್ಟು. ನೀಲಿ ಶಾಯಿ ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಕೆಂಪಿನ ಚಿತ್ರದಲ್ಲಿ ಸಹಿ ಅತ್ಯಂತ ಕಪ್ಪಾಗಿ ಮೂಡುತ್ತದೆ. ಹಳದಿಯಾದ ಕಾಗದ ಕೆಂಪು ಬೆಳಕನ್ನು ಚೆನ್ನಾಗಿ ಹಿಂತಿರುಗಿಸುವುದರಿಂದ ಅದೇ ಚಿತ್ರದಲ್ಲಿ ಬಿಳಿಯಾಗಿಯೇ ಕಾಣುತ್ತದೆ. ಹಳೆಯ ಹಾಳೆಯ ಮೇಲಿನ ನೀಲಿ ಸಹಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನೀಲಿ ಗೆರೆಯ ನೋಟುಪುಸ್ತಕದ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಸಹಿ ಮಾಡಿದ್ದರೆ ತಿರುಗಿಸಿ ಯೋಚಿಸಬೇಕು. ನೀಲಿಯ ಚಿತ್ರದಲ್ಲಿ ನೀಲಿ ಗೆರೆಗಳು ಕಾಗದದೊಂದಿಗೆ ಕರಗುತ್ತವೆ, ಕಪ್ಪು ಮಾತ್ರ ಉಳಿಯುತ್ತದೆ. ನೀಲಿ ಗೆರೆಯ ಮೇಲೆ ನೀಲಿ ಸಹಿ ಇದ್ದರೆ ಯಾವ ಚಿತ್ರವೂ ಪೂರ್ತಿ ಬೇರ್ಪಡಿಸಿ ಕೊಡದು, ಇನ್ನೊಂದು ಹಾಳೆಯಲ್ಲಿ ಮತ್ತೆ ಸಹಿ ಮಾಡುವುದೇ ದಾರಿ.

ಹೀಗೆ ಸಿಕ್ಕ ಬೂದು ಚಿತ್ರವನ್ನು ತಿರುವುಮುರುವು ಮಾಡಿದರೆ, ಅಂದರೆ ಶಾಯಿ ಬಿಳಿ, ಕಾಗದ ಕಪ್ಪು ಆಗುವಂತೆ ಮಾಡಿದರೆ, ಅದೇ ನಮಗೆ ಬೇಕಾದ ಗಟ್ಟಿತನದ ನಕ್ಷೆ. ಆ ನಕ್ಷೆಯ ಹಿಂದೆ ಒಂದೇ ಶಾಯಿ ಬಣ್ಣವನ್ನು ತುಂಬಿದರೆ ಸಹಿ ಸಿದ್ಧ. ಉಚಿತವಾಗಿ ಸಿಗುವ ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದಲ್ಲಿ ಇದು ಎರಡು ಸಾಲಿನ ಕೆಲಸ.

```
magick sahi.png -channel R -separate +channel -level 20%,88% -negate mask.png
magick mask.png -background "#1B2A6B" -alpha shape -trim +repage -units PixelsPerInch -density 600 sahi-final.png
```

ಮೊದಲ ಸಾಲು ಕೆಂಪಿನ ಚಿತ್ರವನ್ನು ಬೇರ್ಪಡಿಸಿ ನಕ್ಷೆ ಮಾಡುತ್ತದೆ. ಎರಡನೆಯದು ಅದಕ್ಕೆ ಕಡುನೀಲಿ ತುಂಬಿ, ಸುತ್ತಲಿನ ಖಾಲಿ ಜಾಗವನ್ನು ಕತ್ತರಿಸುತ್ತದೆ. ಮೊದಲ ಸಾಲಿನಲ್ಲಿರುವ 20 ಮತ್ತು 88 ಎಂಬ ಎರಡು ಅಂಕಿಗಳಲ್ಲೇ ಕಸುಬಿನ ಸೂಕ್ಷ್ಮ ಇರುವುದು. ಕಾಗದ ಸರಾಸರಿ 235, ಅಂದರೆ ಶೇ 92. ಆದರೆ ಕಾಗದದ ನಾರು, ಸ್ಕ್ಯಾನರ್ ಗಾಜಿನ ಧೂಳು ಸೇರಿ ಆ ಬೆಲೆ ಅಲ್ಲಲ್ಲಿ ಕೆಳಗೆ ಜಗ್ಗುತ್ತಿರುತ್ತದೆ. ಬಿಳಿಯ ಗೆರೆಯನ್ನು ಸರಿಯಾಗಿ 92ಕ್ಕೇ ಎಳೆದರೆ ಕಾಗದದ ಎಷ್ಟೋ ಚುಕ್ಕೆಗಳು ಶೇ 2 ಅಥವಾ 3ರ ಶಾಯಿ ಎಂದು ಉಳಿದುಬಿಡುತ್ತವೆ. ಪರದೆಯ ಮೇಲೆ ಅದು ತಿಳಿಯುವುದಿಲ್ಲ, ಮುದ್ರಿಸಿದಾಗ ಸಹಿಯ ಸುತ್ತ ಚೌಕಾಕಾರದ ಮಬ್ಬು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಬಿಳಿಯ ಗೆರೆ ಕಾಗದಕ್ಕಿಂತ ತುಸು ಕೆಳಗೆ, 88ರ ಹತ್ತಿರ ಇರಬೇಕು. 70ಕ್ಕೆ ಇಳಿಸಿದರೆ ಬಾಲಗಳು ಸಾಯುತ್ತವೆ. ಕಪ್ಪಿನ ಗೆರೆ 20ರಲ್ಲಿರುವುದರಿಂದ ಗೆರೆಯ ಒಡಲು ಪೂರ್ತಿ ಗಟ್ಟಿಯಾಗುತ್ತದೆ. ಈ ಅಂಕಿಗಳು ಈ ಉದಾಹರಣೆಯವು. ನಿಮ್ಮ ಕಾಗದದ ಮತ್ತು ಶಾಯಿಯ ಬೆಲೆಯನ್ನು ಯಾವುದೇ ಚಿತ್ರ ತಂತ್ರಾಂಶದ ಬಣ್ಣ ಹೆಕ್ಕುವ ಸಾಧನದಿಂದ ನೋಡಿ ಬದಲಿಸಿಕೊಳ್ಳಬೇಕು. ಮಬ್ಬು ಉಳಿದಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು, ಅದಕ್ಕೂ ಒಂದು ಸಾಲಿದೆ.

```
magick sahi-final.png -alpha extract -threshold 0 check.png
```

ಇದು ಕೂದಲೆಳೆಯಷ್ಟು ಶಾಯಿ ಇರುವ ಚುಕ್ಕೆಯನ್ನೂ ಅಚ್ಚ ಬಿಳಿಯಾಗಿ ತೋರಿಸುತ್ತದೆ. check.png ತೆರೆದಾಗ ಕಪ್ಪಿನ ಮೇಲೆ ಸಹಿಯೊಂದೇ ಬಿಳಿಯಾಗಿ ಕಂಡರೆ ಕೆಲಸ ಸರಿಯಾಗಿದೆ. ನಕ್ಷತ್ರ ಚೆಲ್ಲಿದಂತೆ ಕಂಡರೆ 88ನ್ನು ಒಂದೆರಡು ಅಂಕಿ ಇಳಿಸಬೇಕು. ಇನ್ನು ಎರಡನೆಯ ಸಾಲಿನ ಕೊನೆಯ 600 ಎಂಬುದನ್ನು ಬಿಟ್ಟರೆ ಏನಾಗುತ್ತದೆ? ಆರು ಸೆಂಟಿಮೀಟರ್ ಅಗಲದ ಸಹಿ 600 ಡಿಪಿಐನಲ್ಲಿ 1,417 ಚುಕ್ಕೆ ಅಗಲ ಇರುತ್ತದೆ. ಇಂಚಿಗೆ ಎಷ್ಟು ಎಂದು ಕಡತದಲ್ಲಿ ಬರೆದಿಲ್ಲದಿದ್ದರೆ ಕಡತವನ್ನು ತೆರೆಯುವ ತಂತ್ರಾಂಶ 96 ಎಂದು ಊಹಿಸಬಹುದು. ಆಗ ಅದೇ ಸಹಿ ಮೂವತ್ತೇಳು ಸೆಂಟಿಮೀಟರ್ ಆಗಿ ಪುಟ ಮೀರುತ್ತದೆ.

ಆಜ್ಞೆ ಟೈಪ್ ಮಾಡಲು ಒಗ್ಗದವರಿಗೆ ಜಿಂಪ್ ಇದೆ. ಅದರ Colors ಪಟ್ಟಿಯಲ್ಲಿರುವ Color to Alpha ಬಿಳಿಯನ್ನು ಕೊಟ್ಟರೆ ಇದೇ ಲೆಕ್ಕವನ್ನು ಮಾಡಿ, ಅಂಚಿನ ಬಣ್ಣದಿಂದ ಕಾಗದವನ್ನೂ ಕಳೆಯುತ್ತದೆ. ಆದರೆ ಅಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಶಾಯಿ ಅಪ್ಪಟ ಕಪ್ಪಲ್ಲದಿದ್ದರೆ ಅದರಲ್ಲೂ ಸ್ವಲ್ಪ ಬಿಳಿ ಬೆರೆತಿದೆ ಎಂದು ಜಿಂಪ್ ಲೆಕ್ಕ ಹಾಕುತ್ತದೆ. ಕೆಂಪು 40, ಹಸಿರು 60, ನೀಲಿ 140 ಇರುವ ಸಾಮಾನ್ಯ ನೀಲಿ ಶಾಯಿಯ ಒಡಲು ಶೇ 84 ಮಾತ್ರ ಗಟ್ಟಿಯಾಗುತ್ತದೆ, ಮೊಹರು ಅದರೊಳಗಿಂದ ಇಣುಕುತ್ತದೆ. ಅದೇ ಕಿಟಕಿಯಲ್ಲಿರುವ Opacity threshold ಎಂಬ ಪಟ್ಟಿಯನ್ನು ಗೆರೆಯ ಒಡಲು ಗಟ್ಟಿಯಾಗುವವರೆಗೂ ಇಳಿಸಿದರೆ ಸರಿಹೋಗುತ್ತದೆ. Transparency threshold ಎಂಬ ಇನ್ನೊಂದು ಪಟ್ಟಿ ಕಾಗದದ ಮಬ್ಬನ್ನು ತೆಗೆಯಲು.

ಇಷ್ಟೆಲ್ಲ ಏಕೆ, ವರ್ಡ್‌ನಲ್ಲೇ Set Transparent Color ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ತೆಗೆಯುವುದು ಕ್ಲಿಕ್ ಮಾಡಿದ ಆ ಒಂದೇ ಬಣ್ಣವನ್ನು. ಸ್ಕ್ಯಾನ್ ಆದ ಕಾಗದದಲ್ಲಿ ಹತ್ತಾರು ಬಿಳಿಗಳಿರುತ್ತವೆ. 235 ಹೋದರೂ 234, 236 ಉಳಿದು, ಸಹಿಯ ಸುತ್ತ ಸುಣ್ಣದ ಪುಡಿ ಉದುರಿದಂತೆ ಕಾಣುತ್ತದೆ. ಒಂದು ಗುಂಡಿ ಒತ್ತಿದರೆ ಹಿನ್ನೆಲೆ ತೆಗೆದುಕೊಡುವ ಜಾಲತಾಣಗಳ ಬಗ್ಗೆ ನನ್ನ ತಕರಾರು ಗುಣಮಟ್ಟದ್ದಲ್ಲ. ನಮ್ಮ ಸಹಿಯ ಸ್ವಚ್ಛ ಪ್ರತಿಯೊಂದನ್ನು ಗೊತ್ತಿಲ್ಲದ ಯಂತ್ರಕ್ಕೆ ನಾವೇ ಕಳಿಸಿಕೊಡಬೇಕಾಗುತ್ತದೆ ಎಂಬುದೇ ನನ್ನ ತಕರಾರು. ಇಡೀ ಕೆಲಸ ನಮ್ಮದೇ ಕಂಪ್ಯೂಟರಿನಲ್ಲಿ ಎರಡು ಸಾಲಿನಲ್ಲಿ ಮುಗಿಯುವಾಗ ಅದರ ಅಗತ್ಯವಿಲ್ಲ. ಪರೀಕ್ಷೆ, ನೌಕರಿಗಳ ಆನ್‌ಲೈನ್ ಅರ್ಜಿಗೆ ಜೆಪೆಗ್ ಕೇಳುತ್ತಾರಲ್ಲ ಎಂಬ ಮಾತು ಮಾತ್ರ ಸರಿ. ಅಲ್ಲಿ ಸಹಿ ಬಿಳಿ ಚೌಕದಲ್ಲೇ ಕೂರುವುದರಿಂದ ಪಾರದರ್ಶಕತೆಗೆ ಕೆಲಸವಿಲ್ಲ. ಪಾರದರ್ಶಕ ಪಿಎನ್‌ಜಿಯನ್ನು ಹಾಗೇ ಜೆಪೆಗ್ ಮಾಡಿದರೆ ಕೆಲವು ತಂತ್ರಾಂಶಗಳಲ್ಲಿ ಖಾಲಿ ಜಾಗವೆಲ್ಲ ಕಪ್ಪಾಗುವುದೂ ಉಂಟು. ಅರ್ಜಿಗೆ ಮೂಲ ಸ್ಕ್ಯಾನನ್ನೇ ಕತ್ತರಿಸಿ ಕೊಡುವುದು ಲೇಸು.

ಗೆರೆಗೆಲ್ಲ ಒಂದೇ ಬಣ್ಣ ತುಂಬಿದರೆ ಅದು ಮೂಲ ಸಹಿ ಹೇಗಾಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಎರಡು ಗೆರೆಗಳು ಅಡ್ಡ ಹಾಯುವಲ್ಲಿ ಶಾಯಿ ಇಮ್ಮಡಿ ಕಡುವಾಗಿರುತ್ತದೆ, ಆ ಭೇದ ಹೋಗುತ್ತದೆ ನಿಜ. ಒತ್ತಡದಿಂದ ಗೆರೆ ದಪ್ಪ, ತೆಳು ಆದದ್ದು, ಬಾಲ್ ಜಾರಿ ಶಾಯಿ ಬಿಟ್ಟುಹೋದದ್ದು ಮಾತ್ರ ಗಟ್ಟಿತನದ ನಕ್ಷೆಯಲ್ಲಿ ಉಳಿಯುತ್ತದೆ. ಆದರೂ ಕೈಬರಹ ತಜ್ಞರು ಪರೀಕ್ಷಿಸಬೇಕಾದ ಸಂದರ್ಭ ಬಂದರೆ ಅವರಿಗೆ ಬೇಕಾಗುವುದು ಶಾಯಿ ಇಂಗಿದ ಕಾಗದ, ಯಾವ ಚಿತ್ರವೂ ಆ ಜಾಗ ತುಂಬಲಾರದು. ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಕಳ್ಳತನದ್ದು. ಇಷ್ಟು ಸ್ವಚ್ಛವಾದ ಸಹಿ ಪಿಡಿಎಫ್‌ನಲ್ಲಿ ಹೋದರೆ ಯಾರಾದರೂ ಕಿತ್ತುಕೊಂಡು ಇನ್ನೊಂದು ಪತ್ರಕ್ಕೆ ಹಾಕಬಹುದಲ್ಲ? ಹೌದು, ಹಾಕಬಹುದು. ಪಿಡಿಎಫ್ ಪಾರದರ್ಶಕ ಚಿತ್ರವನ್ನು ಒಳಗೆ ಬಣ್ಣ ಮತ್ತು ಗಟ್ಟಿತನ ಎಂದು ಎರಡು ಭಾಗವಾಗಿ ಇಟ್ಟಿರುತ್ತದೆ, pdfimages ಎಂಬ ಚಿಕ್ಕ ತಂತ್ರಾಂಶ ಎರಡನ್ನೂ ಹೊರತೆಗೆಯಬಲ್ಲದು. ಆದರೆ ಬಿಳಿ ಚೌಕದ ಸಹಿಯನ್ನೂ ಅದೇ ತಂತ್ರಾಂಶ ಅಷ್ಟೇ ಸುಲಭವಾಗಿ ತೆಗೆಯುತ್ತದೆ. ಅಲ್ಲಿಂದ ಮುಂದೆ ಬೇಕಾದದ್ದು ಮೇಲಿನ ಎರಡೇ ಸಾಲು. ಪಾರದರ್ಶಕತೆ ಕಳ್ಳನಿಗೆ ಉಳಿಸುವುದು ಐದು ನಿಮಿಷವನ್ನು. ಪತ್ರ ಕಳಿಸುವ ಮುನ್ನ ಪುಟವನ್ನು ಪೂರ್ತಿ ಒಂದೇ ಚಿತ್ರವಾಗಿ ಬದಲಿಸಿದರೆ ಸಹಿ ಮೊಹರಿನೊಂದಿಗೆ ಬೆರೆತು, ಬೇರ್ಪಡಿಸುವುದು ನಿಜಕ್ಕೂ ಕಷ್ಟವಾಗುತ್ತದೆ. ಮೊಹರು ಸಹಿಯ ಮೇಲೆ ಬರಬೇಕೆಂಬ ನಮ್ಮ ಕಚೇರಿಗಳ ಹಳೆಯ ರೂಢಿ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. 600 ಡಿಪಿಐನ ಮೂಲವನ್ನು ಹಂಚದೆ, ಪತ್ರಗಳಿಗೆ 300 ಡಿಪಿಐಗೆ ಇಳಿಸಿದ ಪ್ರತಿಯನ್ನು ಬಳಸಿದರೆ ಮುದ್ರಣಕ್ಕೇನೂ ಕೊರತೆಯಾಗದು.

ಇಷ್ಟಾದರೂ ಚಿತ್ರ ಚಿತ್ರವೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ನೇ ಸೆಕ್ಷನ್ ‘ಡಿಜಿಟಲ್ ಸಹಿ’ ಎಂದು ಕರೆಯುವುದು ಇದನ್ನಲ್ಲ. ಅಲ್ಲಿ ಹೇಳಿರುವುದು ಪತ್ರದ ಒಳಗಿನ ಮಾತಿನಿಂದ ತೆಗೆದ ಹ್ಯಾಶ್ ಮತ್ತು ಸಹಿ ಹಾಕುವವರ ಬಳಿ ಮಾತ್ರ ಇರುವ ಗುಪ್ತ ಕೀಲಿಯ ಲೆಕ್ಕವನ್ನು. ಪತ್ರದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಲೆಕ್ಕ ಮುರಿಯುತ್ತದೆ. ಆಧಾರ್ ಮೂಲಕ ಮಾಡುವ ಇ-ಸೈನ್‌ನಂಥವಕ್ಕೆ ದಾರಿಯಾದದ್ದು 2008ರ ತಿದ್ದುಪಡಿ ಸೇರಿಸಿದ 3ಎ ಸೆಕ್ಷನ್. ಚಿತ್ರವನ್ನೂ ಡಿಜಿಟಲ್ ಸಹಿಯನ್ನೂ ಎದುರುಬದುರಾಗಿ ನಿಲ್ಲಿಸುವ ಅಗತ್ಯವೂ ಇಲ್ಲ. ಅಕ್ರೋಬ್ಯಾಟ್‌ನಂಥ ತಂತ್ರಾಂಶದಲ್ಲಿ ಡಿಜಿಟಲ್ ಸಹಿ ಹಾಕುವಾಗ ಪುಟದ ಮೇಲೆ ಕಾಣುವ ಚೌಕದಲ್ಲಿ ಏನಿರಬೇಕು ಎಂದು ಆರಿಸಿಕೊಳ್ಳಬಹುದು, ಅಲ್ಲಿ ಚಿತ್ರಕ್ಕೂ ಜಾಗವಿದೆ. ಮುಖ್ಯೋಪಾಧ್ಯಾಯರ ಈ ಪಿಎನ್‌ಜಿಯನ್ನು ಅಲ್ಲಿ ಇಟ್ಟರೆ, ಪ್ರಮಾಣಪತ್ರ ಹಿಡಿದ ತಂದೆತಾಯಿಗೆ ಪರಿಚಿತ ಸಹಿ ಮೊಹರಿನೊಳಗೆ ಹಾದುಹೋದದ್ದು ಕಾಣುತ್ತದೆ. ಕಾಲೇಜಿನ ಪ್ರವೇಶ ವಿಭಾಗದವರು ಅದೇ ಸಹಿಯ ಮೇಲೆ ಕ್ಲಿಕ್ ಮಾಡಿದಾಗ ಕೀಲಿ ಯಾರದು, ಪತ್ರ ಆಮೇಲೆ ಬದಲಾಗಿದೆಯೇ ಎಂಬುದು ತೆರೆದುಕೊಳ್ಳುತ್ತದೆ.